ಇನ್‌ಹೇಲರ್, ಕಣ್ಣಿನ ಹನಿ, ಮುಲಾಮಿನ ಟ್ಯೂಬ್: ಫೋಟೊ ನೋಡಿ ಗುರುತಿಸುವುದು ಹೇಗೆ, ಲೇಬಲ್ಲಿನ ಚಿಹ್ನೆ ಓದುವುದು ಹೇಗೆ

ಮಾತ್ರೆಯಾದರೆ ಅದರ ಬಣ್ಣ, ಆಕಾರ, ಮೇಲೆ ಒತ್ತಿರುವ ಅಕ್ಷರಗಳಿಂದ ಒಂದಿಷ್ಟು ಸುಳಿವು ಸಿಗುತ್ತದೆ. ಇನ್‌ಹೇಲರ್, ಹನಿ, ಮುಲಾಮುಗಳಲ್ಲಿ ಔಷಧವೇ ಕಣ್ಣಿಗೆ ಬೀಳುವುದಿಲ್ಲ, ಕಾಣುವುದು ಹೊರಗಿನ ಪ್ಲಾಸ್ಟಿಕ್ಕು ಮಾತ್ರ. ಒಂದೇ ಅಚ್ಚಿನ 5 ಮಿಲಿ ಬಿಳಿ ಬಾಟಲಿಯಲ್ಲಿ ಆ್ಯಂಟಿಬಯೋಟಿಕ್ಕೂ ಬರುತ್ತದೆ, ಸ್ಟೆರಾಯ್ಡೂ ಬರುತ್ತದೆ, ಬರೀ ಕಣ್ಣೀರಿನಂಥ ದ್ರವವೂ ಬರುತ್ತದೆ. ಹಾಗಾಗಿ ಆಕಾರ ಮತ್ತು ಬಣ್ಣ ಹೇಳುವುದು ಯಾವ ಗುಂಪಿನ ವಸ್ತು ಎಂಬುದನ್ನಷ್ಟೆ. ಒಳಗೆ ಏನಿದೆ ಎಂದು ತಿಳಿಯಲು ಫೋಟೊದಲ್ಲಿ ನಾಲ್ಕು ಸಂಗತಿಗಳು ಓದುವಂತಿರಬೇಕು: ಔಷಧದ ಮೂಲ ಹೆಸರು, ಅದರ ಪ್ರಮಾಣ, ದೇಹದ ಯಾವ ಭಾಗಕ್ಕೆ ಹಾಕುವುದು, ಯಾವ ದಿನಾಂಕದವರೆಗೆ ಬಳಸಬಹುದು. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ಈ ನಾಲ್ಕರಲ್ಲಿ ಸೇರಿಲ್ಲ. ಒಂದೇ ಬ್ರ್ಯಾಂಡ್ ಹೆಸರು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಔಷಧಕ್ಕೆ ಇರುವುದುಂಟು.

ಮೊದಲು ಫೋಟೊ ಸರಿಯಾಗಲಿ

ಗುರುತು ಹಿಡಿಯಲು ಆಗದ ಫೋಟೊಗಳಲ್ಲಿ ಹೆಚ್ಚಿನವು ಎದುರುಬದಿಯ ಒಂದೇ ಫೋಟೊ. ಬಾಟಲಿ ದುಂಡಗಿದ್ದರೆ ಒಂದು ಫೋಟೊದಲ್ಲಿ ಲೇಬಲ್ಲಿನ ಮೂರನೇ ಒಂದು ಭಾಗ ಸರಿಯಾಗಿ ಬಂದರೆ ಹೆಚ್ಚು, ಉಳಿದದ್ದು ಅಂಚಿನಲ್ಲಿ ಬಾಗಿ ಹೋಗುತ್ತದೆ. ಬಾಟಲಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ನಾಲ್ಕು ಫೋಟೊ ತೆಗೆಯಿರಿ, ತಳ ಮತ್ತು ಮುಚ್ಚಳಕ್ಕೆ ಒಂದೊಂದು. ಫೋನನ್ನು ತೀರಾ ಹತ್ತಿರ ಹಿಡಿದರೆ ಫೋಕಸ್ ಸಿಗುವುದಿಲ್ಲ. ಒಂದು ಗೇಣು ದೂರದಲ್ಲಿ ಹಿಡಿದು ಎರಡು ಪಟ್ಟು ಜೂಮ್ ಮಾಡಿದರೆ ಸಣ್ಣಕ್ಷರ ಚೆನ್ನಾಗಿ ಬರುತ್ತದೆ. ಫ್ಲ್ಯಾಶ್ ಬೇಡ, ಹೊಳೆಯುವ ಲೇಬಲ್ ಮೇಲೆ ಅದು ಬಿಳಿ ಮಚ್ಚೆಯಾಗಿ ಕೂರುತ್ತದೆ. ಮುಂದಿನ ಕ್ಯಾಮೆರಾದಲ್ಲೂ ತೆಗೆಯಬೇಡಿ, ಕೆಲವು ಫೋನುಗಳು ಅದರ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಉಳಿಸುತ್ತವೆ.

ಟ್ಯೂಬಿನ ತುದಿಯಲ್ಲೋ ಸಣ್ಣ ಪ್ಲಾಸ್ಟಿಕ್ ವಯಲ್ ಮೇಲೋ ಶಾಯಿಯಿಲ್ಲದೆ ಬರೀ ಒತ್ತಿದ ಉಬ್ಬಕ್ಷರಗಳಿರುತ್ತವೆ. ನೇರ ಬೆಳಕಿನಲ್ಲಿ ಅವು ಮಾಯ. ಕೋಣೆಯ ದೀಪ ಆರಿಸಿ, ಟಾರ್ಚನ್ನು ವಸ್ತುವಿನ ಪಕ್ಕದಲ್ಲಿ ಮೇಜಿನ ಮಟ್ಟಕ್ಕೆ ಹಿಡಿದು ಬೆಳಕು ಅಡ್ಡ ಬೀಳುವಂತೆ ಮಾಡಿದರೆ ಪ್ರತಿ ಅಕ್ಷರಕ್ಕೂ ನೆರಳು ಮೂಡಿ ಓದಲು ಬರುತ್ತದೆ. ಪಾರದರ್ಶಕ ವಯಲ್ ಆದರೆ ಅಡಿಯಲ್ಲಿ ಕಪ್ಪು ಬಟ್ಟೆ ಹಾಸಿ. ಪೆಟ್ಟಿಗೆ ಇನ್ನೂ ಇದ್ದರೆ ಅದರ ಎಲ್ಲ ಬದಿಗಳನ್ನೂ ತೆಗೆಯಿರಿ. ಆದರೆ ಪೆಟ್ಟಿಗೆಯಲ್ಲಿರುವ ಬ್ಯಾಚ್ ಸಂಖ್ಯೆಯೂ ಒಳಗಿನ ಬಾಟಲಿಯ ಬ್ಯಾಚ್ ಸಂಖ್ಯೆಯೂ ಒಂದೇ ಆಗಿದ್ದರೆ ಮಾತ್ರ ಆ ಪೆಟ್ಟಿಗೆಯನ್ನು ನಂಬಿ. ಹಳೇ ಪೆಟ್ಟಿಗೆಯಲ್ಲಿ ಹೊಸ ಬಾಟಲಿ ಇಡುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ.

ಇನ್‌ಹೇಲರ್: ಬಣ್ಣಕ್ಕಿಂತ ಮೊದಲು ಕ್ಯಾನಿಸ್ಟರ್

ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಬಾಗಿದ ಪ್ಲಾಸ್ಟಿಕ್ ಚಿಪ್ಪು, ಮೇಲಿನಿಂದ ಒತ್ತುವ ಲೋಹದ ಡಬ್ಬಿ ಕಂಡರೆ ಅದು ಒತ್ತಡದ ಇನ್‌ಹೇಲರ್. ಆ ಲೋಹದ ಡಬ್ಬಿಯೇ ಕ್ಯಾನಿಸ್ಟರ್. ದುಂಡನೆಯ ಚಪ್ಪಟೆ ಡಬ್ಬಿಯಂತೆ ತೆರೆಯುವುದು, ತಳವನ್ನು ತಿರುಚುವುದು, ಒಳಗೆ ಕ್ಯಾಪ್ಸೂಲ್ ಇಟ್ಟು ಚುಚ್ಚುವುದು ಇವೆಲ್ಲ ಪುಡಿ ಇನ್‌ಹೇಲರ್‌ಗಳು. ಕ್ಯಾಪ್ಸೂಲ್ ಬಳಸುವ ಬಗೆಯಲ್ಲಿ ಒಂದು ಅಪಾಯವಿದೆ: ಸಾಧನವಿಲ್ಲದೆ ಕ್ಯಾಪ್ಸೂಲಿನ ಪಟ್ಟಿ ಮಾತ್ರ ಫೋಟೊದಲ್ಲಿ ಇದ್ದರೆ ನುಂಗುವ ಮಾತ್ರೆಯಂತೆಯೇ ಕಾಣುತ್ತದೆ. ಪಟ್ಟಿಯ ಹಿಂಬದಿಯಲ್ಲಿ ‘ಉಸಿರಿನಲ್ಲಿ ಎಳೆದುಕೊಳ್ಳಲು ಮಾತ್ರ’ ಎಂಬ ಅರ್ಥದ ಸಾಲು ಇದೆಯೇ ಎಂದು ನೋಡಬೇಕು.

ನೀಲಿ ಎಂದರೆ ಉಸಿರುಗಟ್ಟಿದಾಗ ತಕ್ಷಣ ತೆಗೆದುಕೊಳ್ಳುವುದು, ಕಂದು ಎಂದರೆ ದಿನಾ ತೆಗೆದುಕೊಳ್ಳುವ ಸ್ಟೆರಾಯ್ಡ್ ಎಂಬ ರೂಢಿ ಹಲವು ದೇಶಗಳಲ್ಲಿದೆ. ಸಾಲ್ಬ್ಯುಟಮಾಲ್ ನೀಲಿಯಲ್ಲೂ ಬೆಕ್ಲೊಮೆಟಾಸೋನ್ ಕಂದಿನಲ್ಲೂ ಬಂದದ್ದರಿಂದ ಬೆಳೆದ ರೂಢಿ ಅದು, ಎಲ್ಲ ಕಡೆ ನಡೆಯುವ ಕಾನೂನಲ್ಲ. ಅಮೆರಿಕದಲ್ಲಿ ಇದೇ ಸಾಲ್ಬ್ಯುಟಮಾಲ್‌ಗೆ ಅಲ್ಬ್ಯುಟೆರಾಲ್ ಎಂಬ ಹೆಸರು, ಅಲ್ಲಿ ಅದು ಕೆಂಪು ಮತ್ತು ಹಳದಿ ಚಿಪ್ಪುಗಳಲ್ಲೂ ಬಂದಿದೆ. ಇನ್ನೊಂದು ಕಡೆ, ತಿಳಿನೀಲಿ ಮುಚ್ಚಳವಿರುವ ಒಂದು ಪುಡಿ ಇನ್‌ಹೇಲರಿನಲ್ಲಿ ಇರುವುದು ಫ್ಲುಟಿಕಾಸೋನ್ ಮತ್ತು ವಿಲ್ಯಾಂಟೆರಾಲ್. ದಿನಕ್ಕೊಮ್ಮೆ ತೆಗೆದುಕೊಳ್ಳುವ ಔಷಧ ಅದು, ಉಬ್ಬಸ ಕೆರಳಿದ ಹೊತ್ತಿಗೆ ಕೆಲಸಕ್ಕೆ ಬಾರದು. ನೀಲಿ ಕಂಡೊಡನೆ ‘ತುರ್ತಿನದು’ ಎಂದು ಹೇಳುವವರು ಎಡವುವುದು ಇಲ್ಲೇ.

ಚಿಪ್ಪು ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. ತೊಳೆಯಲು ಬಿಚ್ಚಿದ ಎರಡು ಇನ್‌ಹೇಲರ್‌ಗಳ ಕ್ಯಾನಿಸ್ಟರ್‌ಗಳು ಅದಲು ಬದಲಾಗಿ ಸೇರಬಹುದು. ಹಾಗಾಗಿ ಹೆಸರು, ಪ್ರಮಾಣ, ಬ್ಯಾಚ್ ಎಲ್ಲವನ್ನೂ ಕ್ಯಾನಿಸ್ಟರಿನ ಮೇಲಿನ ಲೇಬಲ್ಲಿನಿಂದ ಓದಬೇಕು. ಅದು ಸುಲಭವಾಗಿ ಮೇಲಕ್ಕೆ ಬರುವಂತಿದ್ದರೆ ತೆಗೆದು ಫೋಟೊ ಹಿಡಿಯಿರಿ. ಎಣಿಕೆಯ ಕೌಂಟರ್ ಇರುವ ಮಾದರಿಗಳಲ್ಲಿ ಮಾತ್ರ ಎಳೆಯಬೇಡಿ, ಕೌಂಟರ್ ಕೆಡಬಹುದು.

ಪ್ರಮಾಣ ಓದುವಾಗ ಗೊಂದಲ ಹುಟ್ಟಿಸುವ ಒಂದು ಅಂಕಿ ಇದೆ. ಒಂದು ಡಬ್ಬಿಯಲ್ಲಿ ಸಾಲ್ಬ್ಯುಟಮಾಲ್ 100 ಮೈಕ್ರೋಗ್ರಾಂ, ಇನ್ನೊಂದರಲ್ಲಿ ಅಲ್ಬ್ಯುಟೆರಾಲ್ 90 ಮೈಕ್ರೋಗ್ರಾಂ ಎಂದಿದ್ದರೆ ಎರಡನೆಯದು ದುರ್ಬಲ ಎಂದುಕೊಳ್ಳಬೇಡಿ. ಮೊದಲನೆಯದು ಕ್ಯಾನಿಸ್ಟರಿನ ಕವಾಟದಿಂದ ಹೊರಟ ಪ್ರಮಾಣ, ಎರಡನೆಯದು ಬಾಯಿಗಿಡುವ ತುದಿಯಿಂದ ಹೊರಬಿದ್ದ ಪ್ರಮಾಣ. ನಡುವಿನ 10 ಮೈಕ್ರೋಗ್ರಾಂ ಪ್ಲಾಸ್ಟಿಕ್ಕಿಗೆ ಅಂಟಿ ಉಳಿಯುತ್ತದೆ.

ಕೌಂಟರಿನ ಫೋಟೊ ಬೇರೆಯಾಗಿಯೇ ಇರಲಿ. ಅಲ್ಲಿ ಕಾಣುವುದು ಉಳಿದಿರುವ ಪಫ್‌ಗಳ ಸಂಖ್ಯೆ, ಅದನ್ನು ಪ್ರಮಾಣ ಎಂದು ಓದಿದವರೂ ಇದ್ದಾರೆ. ತಳ ತಿರುಚುವ ಪುಡಿ ಇನ್‌ಹೇಲರಿನಲ್ಲಿ ಸಣ್ಣ ಕಿಟಕಿಯ ಕೆಳಗಂಚಿಗೆ ಕೆಂಪು ಬಂದು ಮುಟ್ಟಿದ್ದರೆ ಔಷಧ ಮುಗಿದಿದೆ. ಅಲ್ಲಾಡಿಸಿದರೆ ಇನ್ನೂ ಸದ್ದು ಬರುತ್ತದೆ, ಆದರೆ ಆ ಸದ್ದು ತೇವ ಹೀರಲು ಒಳಗಿಟ್ಟ ಕಾಳುಗಳದು. ಕೌಂಟರ್ ಇಲ್ಲದ ಕ್ಯಾನಿಸ್ಟರನ್ನು ನೀರಿನಲ್ಲಿ ತೇಲಿಸಿ ನೋಡುವ ಹಳೇ ಉಪಾಯವೂ ನಂಬಲು ತಕ್ಕದ್ದಲ್ಲ. ಔಷಧ ಮುಗಿದ ಮೇಲೂ ಅದನ್ನು ದೂಡುವ ಅನಿಲ ಉಳಿದಿರುತ್ತದೆ, ಜೊತೆಗೆ ನೀರು ಕವಾಟದೊಳಗೆ ಹೋಗುತ್ತದೆ.

ಕಣ್ಣಿನ ಹನಿ: ಇಲ್ಲಿ ತಪ್ಪಿದರೆ ಕಣ್ಣಿಗೇ ಪೆಟ್ಟು

ಮೊದಲು ನೋಡಬೇಕಾದದ್ದು ಇದು ನಿಜಕ್ಕೂ ಕಣ್ಣಿನದೇ ಎಂದು. ಲೇಬಲ್ಲಿನಲ್ಲಿ ‘ಆಫ್ತಾಲ್ಮಿಕ್’ ಅಥವಾ ‘ಐ ಡ್ರಾಪ್ಸ್’ ಎಂಬ ಪದವೂ ಸೂಕ್ಷ್ಮಾಣು ಇಲ್ಲದ್ದು ಎಂದು ಹೇಳುವ ‘ಸ್ಟೆರೈಲ್’ ಎಂಬ ಪದವೂ ಇರಬೇಕು. ‘ಓಟಿಕ್’ ಎಂದಿದ್ದರೆ ಅದು ಕಿವಿಯದು. ಕಿವಿಯ ಹನಿ ಸ್ಟೆರೈಲ್ ಆಗಿರಬೇಕೆಂದೇನೂ ಇಲ್ಲ, ಅದರಲ್ಲಿ ಕಣ್ಣನ್ನು ಸುಡುವ ದ್ರಾವಕಗಳೂ ಇರಬಹುದು. ‘ಕಣ್ಣು ಮತ್ತು ಕಿವಿ’ ಎರಡನ್ನೂ ಬರೆದಿರುವ ಹನಿಗಳೂ ಇವೆ, ಅವು ಬೇರೆ. ಔಷಧವೇ ಅಲ್ಲದ ಒಂದು ವಸ್ತುವೂ ಇದೇ ಗಾತ್ರದ, ಇದೇ ಮೂತಿಯ ಬಾಟಲಿಯಲ್ಲಿ ಬರುತ್ತದೆ: ಉಗುರಿಗೆ ಹಚ್ಚುವ ಮತ್ತು ಮುರಿದದ್ದನ್ನು ಅಂಟಿಸುವ ಸೈನೊಅಕ್ರಿಲೇಟ್ ಅಂಟು. ಕಣ್ಣಿನ ಹನಿ ಎಂದುಕೊಂಡು ಅದನ್ನು ಬಿಟ್ಟುಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ಲೇಬಲ್ ಪೂರ್ತಿ ಅಳಿಸಿಹೋದ ಬಾಟಲಿಯನ್ನು ಆಕಾರ ನೋಡಿ ‘ಐ ಡ್ರಾಪ್ಸ್’ ಎಂದು ಹೇಳಬಾರದು ಎನ್ನುವುದಕ್ಕೆ ಇಷ್ಟು ಕಾರಣ ಸಾಕು.

ಒಂದೇ ಸಲಕ್ಕೆ ಬಳಸುವ ಪ್ಲಾಸ್ಟಿಕ್ ವಯಲ್‌ಗಳು ಇನ್ನೂ ಕಷ್ಟ. ಐದೋ ಹತ್ತೋ ಒಟ್ಟಿಗೆ ಅಂಟಿಕೊಂಡ ಪಟ್ಟಿ, ತಿರುಚಿ ಮುರಿಯುವ ತಲೆ, ಬಣ್ಣವಿಲ್ಲದ ದ್ರವ. ಕಣ್ಣಿನ ಹನಿಯೂ, ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಯಂತ್ರಕ್ಕೆ ಹಾಕುವ ಉಬ್ಬಸದ ಔಷಧವೂ, ಮೂಗು ತೊಳೆಯುವ ಉಪ್ಪುನೀರೂ ಹೀಗೆಯೇ ಬರುತ್ತವೆ. ಬಿಡಿಸಲು ಒಳ್ಳೆಯ ದಾರಿ ಅಳತೆ. ಕಣ್ಣಿನ ವಯಲಿನಲ್ಲಿ ಸಾಮಾನ್ಯವಾಗಿ 0.3ರಿಂದ 0.5 ಮಿಲಿ ಇರುತ್ತದೆ, ನೆಬ್ಯುಲೈಸರಿನದರಲ್ಲಿ 2ರಿಂದ 3 ಮಿಲಿ, ಮೂಗಿನ ಉಪ್ಪುನೀರಿನದು ಹೆಚ್ಚಾಗಿ 5 ಮಿಲಿ. ಫೋಟೊದಲ್ಲಿ ಗಾತ್ರ ಗೊತ್ತಾಗಲು ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಉಬ್ಬಕ್ಷರದಲ್ಲಿ ‘2.5 ಮಿಗ್ರಾಂ/2.5 ಮಿಲಿ’ ಎಂದು ಕಂಡರೆ ಅದು ನೆಬ್ಯುಲೈಸರಿನ ಸಾಲ್ಬ್ಯುಟಮಾಲ್ ಇರುವ ಸಂಭವ ಹೆಚ್ಚು. ಅದೇ ಬಗೆಯ ವಯಲಿನಲ್ಲಿ ಬರುವ ಇಪ್ರಟ್ರೋಪಿಯಂ ಕಣ್ಣಿಗೆ ಬಿದ್ದರೆ ಕಣ್ಣಿನ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ, ಕೆಲವರಲ್ಲಿ ಕಣ್ಣಿನ ಒತ್ತಡವೂ ಏರುತ್ತದೆ.

ಮುಚ್ಚಳದ ಬಣ್ಣಕ್ಕೆ ಕಣ್ಣಿನ ಹನಿಗಳಲ್ಲಿ ಇನ್‌ಹೇಲರಿಗಿಂತ ಸ್ವಲ್ಪ ಹೆಚ್ಚು ಅರ್ಥವಿದೆ. ಅಮೆರಿಕದ ನೇತ್ರತಜ್ಞರ ಅಕಾಡೆಮಿ ಸೂಚಿಸಿದ ಪದ್ಧತಿಯಲ್ಲಿ ತಿಳಿಕಂದು ಸೋಂಕಿನ ಔಷಧಕ್ಕೆ, ಗುಲಾಬಿ ಸ್ಟೆರಾಯ್ಡಿಗೆ, ಬೂದು ಸ್ಟೆರಾಯ್ಡ್ ಅಲ್ಲದ ಉರಿಯೂತದ ಔಷಧಕ್ಕೆ, ಕೆಂಪು ಪಾಪೆ ಹಿಗ್ಗಿಸುವುದಕ್ಕೆ, ನೀಲಿಹಸಿರು ‘ಪ್ರೋಸ್ಟ್’ ಎಂದು ಹೆಸರು ಕೊನೆಯಾಗುವ ಗ್ಲಾಕೋಮಾದ ಔಷಧಗಳಿಗೆ; ಗ್ಲಾಕೋಮಾ ಎಂದರೆ ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ದೃಷ್ಟಿ ಕುಂದಿಸುವ ಕಾಯಿಲೆ. ಎಲ್ಲ ದೇಶಗಳ ತಯಾರಕರೂ ಇದನ್ನು ಪಾಲಿಸುವುದಿಲ್ಲ. ಲೇಬಲ್ ಓದಿದ ಮೇಲೆ ಬಣ್ಣ ಅದಕ್ಕೆ ಹೊಂದುತ್ತಿದೆಯೇ ಎಂದು ತಾಳೆ ನೋಡಲು ಬಳಸಿ, ಓದುವುದಕ್ಕೆ ಬದಲಾಗಿ ಬಳಸಬೇಡಿ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಫೋಟೊದಲ್ಲಿ ನೀಲಿಹಸಿರು ಮುಚ್ಚಳದ ಪುಟ್ಟ ಬಾಟಲಿ. ಲೇಬಲ್ ಒರೆಸಿಹೋಗಿ ಉಳಿದದ್ದು ಇಷ್ಟು: ಹೆಸರಿನ ಕೊನೆಯ ‘…ಪ್ರೋಸ್ಟ್’, ‘2.5 ಮಿಲಿ’, ಮತ್ತು ‘50 ಮೈಕ್ರೋಗ್ರಾಂ/ಮಿಲಿ’. ‘ಪ್ರೋಸ್ಟ್’ ಕೊನೆಯಿಂದ ಇದು ಗ್ಲಾಕೋಮಾದ ಹನಿ ಎಂದಾಯಿತು, ಮುಚ್ಚಳದ ಬಣ್ಣವೂ ಹೊಂದುತ್ತದೆ. ಆದರೆ ಲಟಾನೋಪ್ರೋಸ್ಟ್, ಟ್ರಾವೋಪ್ರೋಸ್ಟ್, ಬೈಮಾಟೋಪ್ರೋಸ್ಟ್, ಟ್ಯಾಫ್ಲುಪ್ರೋಸ್ಟ್ ನಾಲ್ಕಕ್ಕೂ ಅದೇ ಕೊನೆ. ಬೇರ್ಪಡಿಸುವುದು ಅಂಕಿ. ಹನಿಗಳಲ್ಲಿ 1% ಎಂದರೆ ಪ್ರತಿ ಮಿಲಿಯಲ್ಲಿ 10 ಮಿಗ್ರಾಂ. ಆ ಲೆಕ್ಕದಲ್ಲಿ 50 ಮೈಕ್ರೋಗ್ರಾಂ ಎಂದರೆ 0.005%, ಅದು ಲಟಾನೋಪ್ರೋಸ್ಟ್‌ನ ಪ್ರಮಾಣ. ಟ್ರಾವೋಪ್ರೋಸ್ಟ್ 0.004%, ಅಂದರೆ 40 ಮೈಕ್ರೋಗ್ರಾಂ. ಬೈಮಾಟೋಪ್ರೋಸ್ಟ್ 0.01% ಅಥವಾ 0.03%, ಟ್ಯಾಫ್ಲುಪ್ರೋಸ್ಟ್ 0.0015%. ಅಲ್ಲಿಗೆ ಉತ್ತರ ಲಟಾನೋಪ್ರೋಸ್ಟ್ ಎನ್ನುವಂತಿದೆ.

ಇಷ್ಟಕ್ಕೆ ನಿಲ್ಲಬಾರದು. ಲಟಾನೋಪ್ರೋಸ್ಟ್ ಜೊತೆಗೆ ಟಿಮೋಲಾಲ್ ಬೆರೆಸಿದ ಹನಿಯೂ ಇದೆ, ಅದು ಕೂಡ 2.5 ಮಿಲಿ ಬಾಟಲಿಯಲ್ಲೇ ಬರುತ್ತದೆ. ಒರೆಸಿಹೋದ ಜಾಗದಲ್ಲಿ ‘ಟಿಮೋಲಾಲ್ 5 ಮಿಗ್ರಾಂ/ಮಿಲಿ’ ಅಥವಾ ‘0.5%’ ಎಂಬ ಎರಡನೇ ಸಾಲು ಇತ್ತೇ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಟಿಮೋಲಾಲ್ ಕಣ್ಣಿಗೆ ಬಿಟ್ಟರೂ ಮೂಗಿನ ನಾಳದಿಂದ ರಕ್ತ ಸೇರಿ ಉಬ್ಬಸ ಇರುವವರ ಶ್ವಾಸನಾಳವನ್ನು ಬಿಗಿಯುತ್ತದೆ. ಒಬ್ಬರದೇ ಔಷಧಗಳ ಫೋಟೊಗಳಲ್ಲಿ ಇನ್‌ಹೇಲರೂ ‘ಓಲಾಲ್’ ಎಂದು ಕೊನೆಯಾಗುವ ಹನಿಯೂ ಒಟ್ಟಿಗೆ ಕಂಡರೆ ಅದನ್ನು ಅವತ್ತೇ ವೈದ್ಯರ ಗಮನಕ್ಕೆ ತರಬೇಕು. ನಮ್ಮ ಬಾಟಲಿಯ ವಿಷಯದಲ್ಲಿ ಹೇಳಬಹುದಾದದ್ದು: ಲಟಾನೋಪ್ರೋಸ್ಟ್ ಇದೆ, ಬೇರೆ ಏನಾದರೂ ಸೇರಿದೆಯೇ ಎನ್ನುವುದು ಪೆಟ್ಟಿಗೆಯಿಂದಲೋ ಔಷಧಿ ಚೀಟಿಯಿಂದಲೋ ಖಚಿತವಾಗಬೇಕು. ಅಲ್ಲಿಯವರೆಗೆ ಬಳಕೆ ಬೇಡ.

ಟ್ಯೂಬು

ಕಣ್ಣಿನ ಮುಲಾಮಿನ ಟ್ಯೂಬ್ ಪುಟ್ಟದು, ಸಾಮಾನ್ಯವಾಗಿ 3ರಿಂದ 5 ಗ್ರಾಂ, ಮೂತಿ ಉದ್ದವಾಗಿ ತೆಳ್ಳಗಿರುತ್ತದೆ. ಚರ್ಮದ ಮುಲಾಮಿನದು ಮೊಂಡು ಮೂತಿ. ಆದರೆ ಚರ್ಮದ ಮುಲಾಮಿನ 5 ಗ್ರಾಂ ಟ್ಯೂಬೂ ಇರುವುದರಿಂದ ಇಲ್ಲೂ ‘ಆಫ್ತಾಲ್ಮಿಕ್’ ಎಂಬ ಪದವನ್ನೇ ಹುಡುಕಬೇಕು. ಒಂದೇ ಔಷಧ, ಒಂದೇ ಬ್ರ್ಯಾಂಡ್, ಕಣ್ಣಿಗೆ ಒಂದು ಟ್ಯೂಬ್ ಚರ್ಮಕ್ಕೆ ಒಂದು ಟ್ಯೂಬ್ ಎಂದು ಬರುವುದಿದೆ.

ಟ್ಯೂಬಿನಲ್ಲಿ ಬರೆದಿರುವ ಶೇಕಡಾ ಅಂಕಿಯಿಂದ ಶಕ್ತಿ ಅಳೆಯಬೇಡಿ. ಸ್ಟೆರಾಯ್ಡ್ ಮುಲಾಮುಗಳಲ್ಲಿ ಇದು ತಲೆಕೆಳಗೆ: ಕ್ಲೋಬೆಟಾಸಾಲ್ 0.05% ಅತಿ ಪ್ರಬಲ, ಹೈಡ್ರೊಕಾರ್ಟಿಸೋನ್ 1% ಸೌಮ್ಯ. ಶೇಕಡಾ ಹೋಲಿಕೆ ಸರಿಯಾಗುವುದು ಒಂದೇ ಔಷಧದ ಎರಡು ಟ್ಯೂಬುಗಳ ನಡುವೆ ಮಾತ್ರ. ಹೆಸರಿನ ಪಕ್ಕದ ‘ಐಪಿ’, ‘ಬಿಪಿ’, ‘ಯುಎಸ್‌ಪಿ’ ಅಕ್ಷರಗಳು ಭಾರತ, ಬ್ರಿಟನ್, ಅಮೆರಿಕದ ಔಷಧಕೋಶಗಳ ಗುಣಮಟ್ಟವನ್ನು ಹೇಳುತ್ತವೆ, ಶಕ್ತಿಯನ್ನಲ್ಲ.

ದಿನಾಂಕ ಮತ್ತು ಬ್ಯಾಚ್ ಇರುವುದು ಹೆಚ್ಚಾಗಿ ಟ್ಯೂಬಿನ ತಳದ ಮಡಿಕೆಯಲ್ಲಿ. ಮುಲಾಮು ಹಿಂಡುತ್ತಾ ತಳದಿಂದ ಸುರುಳಿ ಸುತ್ತುವವರು ಅದನ್ನೇ ಮೊದಲು ಮುಚ್ಚಿಬಿಡುತ್ತಾರೆ, ಹಾಗಾಗಿ ಸುರುಳಿ ಬಿಚ್ಚಿ ಫೋಟೊ ತೆಗೆಯಬೇಕು. ಅದೇ ಮಡಿಕೆಯ ಬಳಿ ಹಸಿರೋ ನೀಲಿಯೋ ಕೆಂಪೋ ಕಪ್ಪೋ ಒಂದು ಚೌಕದ ಗುರುತು ಕಾಣುತ್ತದೆ. ಹಸಿರು ಎಂದರೆ ಗಿಡಮೂಲಿಕೆ, ಕಪ್ಪು ಎಂದರೆ ಪೂರ್ತಿ ರಾಸಾಯನಿಕ ಎಂಬ ಸಂದೇಶ ವರ್ಷಗಳಿಂದ ಫೋನಿನಿಂದ ಫೋನಿಗೆ ಹರಿದಾಡುತ್ತಿದೆ. ಅದರಲ್ಲಿ ಸತ್ಯವಿಲ್ಲ. ಟ್ಯೂಬ್ ತುಂಬುವ ಯಂತ್ರದ ಸಂವೇದಕ ಆ ಗುರುತನ್ನು ನೋಡಿ ಎಲ್ಲಿ ಮಡಿಚಿ ಎಲ್ಲಿ ಕತ್ತರಿಸಬೇಕೆಂದು ತಿಳಿಯುತ್ತದೆ, ಬಣ್ಣ ಹಿನ್ನೆಲೆಗಿಂತ ಎದ್ದು ಕಂಡರೆ ಅದಕ್ಕೆ ಸಾಕು.

ಚಿಹ್ನೆಗಳು

ಚಿಹ್ನೆ ಓದುವ ಮೊದಲು ಚಿಹ್ನೆಗಳು ಇವೆಯೇ ಎಂಬುದೇ ಒಂದು ಸುಳಿವು. ಔಷಧಗಳ ಲೇಬಲ್ಲಿನಲ್ಲಿ ಹೆಚ್ಚಾಗಿ ಪದಗಳೇ ಇರುತ್ತವೆ. ಸಣ್ಣ ಸಣ್ಣ ಚಿತ್ರಗಳು ಸಾಲಾಗಿದ್ದರೆ, ಅದರಲ್ಲೂ ಚೌಕದೊಳಗೆ ‘ಎಂಡಿ’ ಅಥವಾ ಪಕ್ಕದಲ್ಲಿ ‘ಸಿಇ’ ಗುರುತು ಇದ್ದರೆ, ಆ ವಸ್ತು ವೈದ್ಯಕೀಯ ಸಾಧನವಾಗಿ ನೋಂದಣಿಯಾಗಿದೆ. ಯುರೋಪಿನಲ್ಲಿ ಕಣ್ಣು ಒಣಗಿದಾಗ ಹಾಕುವ ಕೃತಕ ಕಣ್ಣೀರು ಎಷ್ಟೋ ಬಾರಿ ಹೀಗೆ ಬರುತ್ತದೆ, ಇನ್‌ಹೇಲರಿಗೆ ಜೋಡಿಸುವ ಸ್ಪೇಸರ್ ಕೂಡ. ಆ್ಯಂಟಿಬಯೋಟಿಕ್ ಅಥವಾ ಸ್ಟೆರಾಯ್ಡ್ ಹನಿಯ ಮೇಲೆ ಇಂಥ ಸಾಲು ಸಿಗುವುದಿಲ್ಲ.

ಈ ಚಿತ್ರಗಳಿಗೆ ಐಎಸ್‌ಒ 15223-1 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಮರಳು ಗಡಿಯಾರದ ಪಕ್ಕದ ದಿನಾಂಕ ಬಳಕೆಯ ಕೊನೆಯ ದಿನ. ಚಿಮಣಿಯ ಕಾರ್ಖಾನೆ ಎರಡು ಬಗೆ: ಪೂರ್ತಿ ಕಪ್ಪಾಗಿದ್ದರೆ ತಯಾರಕರ ಹೆಸರು ವಿಳಾಸ, ಬರೀ ಗೆರೆಯಲ್ಲಿದ್ದರೆ ತಯಾರಾದ ದಿನಾಂಕ. ಈ ಎರಡನೆಯದನ್ನು ಕೊನೆಯ ದಿನವೆಂದು ಓದಿ ಹೊಸ ಬಾಟಲಿ ಎಸೆದವರುಂಟು. ಚೌಕದೊಳಗಿನ ‘ಲಾಟ್’ ಬ್ಯಾಚ್ ಸಂಖ್ಯೆ. ‘ಸ್ಟೆರೈಲ್’ ಪಕ್ಕದ ಚೌಕದಲ್ಲಿ ‘ಎ’ ಇದ್ದರೆ ಸೂಕ್ಷ್ಮಾಣು ಸೇರದ ವಾತಾವರಣದಲ್ಲಿ ತುಂಬಿದ್ದು. ವೃತ್ತದೊಳಗಿನ 2ಕ್ಕೆ ಅಡ್ಡಗೆರೆ ಎಂದರೆ ಮರುಬಳಕೆ ಬೇಡ; ಇದು ಒಂದೇ ಸಲದ ವಯಲ್ ಮೇಲೆ ಇದ್ದರೆ ಉಳಿದ ಹನಿಯನ್ನು ಸಂಜೆಗೆ ಇಡುವಂತಿಲ್ಲ, ಅದರಲ್ಲಿ ಸಂರಕ್ಷಕ ಇರುವುದಿಲ್ಲ. ಥರ್ಮಾಮೀಟರಿನ ಮೇಲ್ತುದಿಯ ಅಂಕಿ ಗರಿಷ್ಠ ತಾಪಮಾನ, ಕೆಳತುದಿಯದು ಕನಿಷ್ಠ. ಒಂದೇ ಅಂಕಿ ಇದ್ದರೆ ಅದು ಯಾವ ತುದಿಯಲ್ಲಿದೆ ಎಂದು ನೋಡಿ.

ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರಲ್ಲಿ ‘12 ಎಂ’ ಎಂದಿದ್ದರೆ ತೆರೆದ ಮೇಲೆ 12 ತಿಂಗಳು. ಇದು ಮುಖ್ಯವಾಗಿ ಸೌಂದರ್ಯವರ್ಧಕಗಳ ಚಿಹ್ನೆ. ಟ್ಯೂಬಿನ ಮೇಲೆ ಇದು ಕಂಡರೆ ಒಳಗಿರುವುದು ಔಷಧಕ್ಕಿಂತ ಚರ್ಮಕ್ಕೆ ಹಚ್ಚುವ ಕ್ರೀಮ್ ಆಗಿರುವ ಸಂಭವವೇ ಹೆಚ್ಚು. ಔಷಧಿ ಚೀಟಿ ಬೇಕೆಂದು ಹೇಳುವ ಗುರುತು ಆಯಾ ದೇಶದ್ದು: ಭಾರತದಲ್ಲಿ ಲೇಬಲ್ಲಿನ ಎಡಬದಿಯ ಉದ್ದ ಕೆಂಪು ಗೆರೆ, ಬ್ರಿಟನ್ನಿನಲ್ಲಿ ಚೌಕದೊಳಗಿನ ‘ಪಿಒಎಂ’.

ಪೆಟ್ಟಿಗೆಯ ಮೇಲಿನ ಕಪ್ಪು ಬಿಳಿ ಚುಕ್ಕೆಗಳ ಪುಟ್ಟ ಚೌಕವನ್ನು ಸ್ಪಷ್ಟವಾಗಿ ಫೋಟೊ ತೆಗೆದಿದ್ದರೆ ಫೋನಿನ ಬಾರ್‌ಕೋಡ್ ಆ್ಯಪ್ ಅದನ್ನು ಓದುತ್ತದೆ. ಬರುವ ಸಾಲಿನಲ್ಲಿ ಈ ಬಗೆಯ ಭಾಗ ಹುಡುಕಿ:

```
(17)270500(10)AB123
```

17ರ ನಂತರದ ಆರು ಅಂಕಿ ವರ್ಷ, ತಿಂಗಳು, ದಿನ. ದಿನದ ಜಾಗದಲ್ಲಿ 00 ಇದ್ದರೆ ಆ ತಿಂಗಳ ಕೊನೆಯ ದಿನ ಎಂದರ್ಥ, ಇಲ್ಲಿ ಮೇ 2027ರ ಕೊನೆ. 10ರ ನಂತರದ್ದು ಬ್ಯಾಚ್. ಲೇಬಲ್ಲಿನಲ್ಲಿ ಬರೀ ತಿಂಗಳು ವರ್ಷ ಮುದ್ರಿಸಿದ್ದರೂ ಲೆಕ್ಕ ಇದೇ.

ಮುದ್ರಿತ ದಿನಾಂಕ ಮುಚ್ಚಳ ತೆರೆಯದ ವಸ್ತುವಿಗೆ. ಸಂರಕ್ಷಕವಿರುವ ಕಣ್ಣಿನ ಹನಿಗೆ ತೆರೆದ ಮೇಲೆ ಸಾಮಾನ್ಯವಾಗಿ 28 ದಿನ, ಲೇಬಲ್ ಬೇರೆ ಹೇಳಿದರೆ ಅದರಂತೆ. ಲಟಾನೋಪ್ರೋಸ್ಟ್‌ನ ಅನೇಕ ಬಾಟಲಿಗಳು ತೆರೆಯುವವರೆಗೆ 2ರಿಂದ 8 ಡಿಗ್ರಿಯಲ್ಲಿ, ತೆರೆದ ಮೇಲೆ ಕೋಣೆಯ ತಾಪಮಾನದಲ್ಲಿ ಇರಬೇಕು. ಥರ್ಮಾಮೀಟರಿನ ಪಕ್ಕ ಎರಡು ಬಗೆಯ ಸೂಚನೆ ಕಂಡರೆ ಕಾರಣ ಇದೇ. ತೆರೆದ ದಿನ ಯಾವ ಫೋಟೊದಲ್ಲೂ ಕಾಣುವುದಿಲ್ಲ, ಯಾರೋ ಪೆನ್ನಿನಿಂದ ಬಾಟಲಿಯ ಮೇಲೆ ಬರೆದಿದ್ದರೆ ಮಾತ್ರ. ಬರೆದಿಲ್ಲದ, ಸೀಲ್ ಒಡೆದ ಕಣ್ಣಿನ ಬಾಟಲಿಯ ಹೆಸರನ್ನು ಎಷ್ಟೇ ಸರಿಯಾಗಿ ಗುರುತಿಸಿದರೂ ಅದನ್ನು ಬಳಸಬಹುದು ಎಂದು ಹೇಳುವಂತಿಲ್ಲ. ಗುರುತಿಸಿದ ಹೆಸರು, ಪ್ರಮಾಣ, ಬ್ಯಾಚ್‌ಗಳನ್ನು ಬರೆದುಕೊಂಡು ಫಾರ್ಮಸಿಸ್ಟ್ ಬಳಿ ಹೋಗುವಾಗ ಫೋಟೊ ಜೊತೆ ವಸ್ತುವನ್ನೂ ಒಯ್ಯಿರಿ.